ಹಳದಿ ಬೆಲ್ಲ, ಕಪ್ಪು ಬೆಲ್ಲ

ಮಕ್ಕಳೇ, ಈ ವಾರ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಗೆ ಬೆಲ್ಲ ತಂದವನು ನಾನೇ. ಅಂಗಡಿಯಲ್ಲಿ ನಾಲ್ಕು ಪೆಂಟೆ ಇಟ್ಟಿದ್ದರೆ ಅದರಲ್ಲಿ ಹೆಚ್ಚು ಹಳದಿ ಇರುವುದನ್ನೇ ಬೆರಳು ಮಾಡಿ ತೋರಿಸುತ್ತಿದ್ದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ನೋಟು ಕೈಗೆ ಬಂದರೆ ಬಣ್ಣ ನೋಡಿ ಸುಮ್ಮನಾಗುತ್ತಿರಲಿಲ್ಲ. ಕಾಗದ ಮುಟ್ಟಿ ನೋಡುತ್ತಿದ್ದೆ, ಬೆಳಕಿಗೆ ಹಿಡಿದು ನೀರುಗುರುತು ನೋಡುತ್ತಿದ್ದೆ. ಆದರೆ ಬಾಯಿಗೆ ಹಾಕುವ ಬೆಲ್ಲಕ್ಕೆ ಮಾತ್ರ ಬಣ್ಣವೊಂದನ್ನೇ ನೋಡಿ ರೊಕ್ಕ ಕೊಟ್ಟುಬಿಡುತ್ತಿದ್ದೆ.

ಈ ತಪ್ಪನ್ನು ತೋರಿಸಿಕೊಟ್ಟವಳು ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು.

ಎಳ್ಳು ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ನಮ್ಮ ಬೀದರ ಜಿಲ್ಲೆಯಲ್ಲಿ ಅದು ಎಷ್ಟು ದೊಡ್ಡ ಹಬ್ಬ ಎಂದು ನಿಮಗೆ ಗೊತ್ತು. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿಯ ಜೊತೆ ಶೇಂಗಾ ಹೋಳಿಗೆ ಇರಲೇಬೇಕು, ಹೋಳಿಗೆಗೆ ಬೆಲ್ಲ ಬೇಕೇ ಬೇಕು. ನಾನು, ಮೊಮ್ಮಗಳು ಇಬ್ಬರೂ ಹುಮನಾಬಾದ್ ಬಜಾರಿಗೆ ಹೋದೆವು. ದಾರಿಯಲ್ಲಿ ಅವಳಿಗೆ ಕಬ್ಬಿನ ಹಾಲು ಕುಡಿಸಿದೆ. ಆಮೇಲೆ ಕಿರಾಣಿ ಅಂಗಡಿಗೆ ಬಂದು ರೂಢಿಯಂತೆ ನಾನು ಹಳದಿ ಪೆಂಟೆಯ ಕಡೆ ಕೈ ತೋರಿಸಿದೆ. ಅವಳು ನನ್ನ ಅಂಗಿ ಜಗ್ಗಿದಳು.

"ಮುತ್ಯಾ, ನಾ ಈಗ ಕುಡದದ್ದು ಹಸರ ಬಣ್ಣದ್ದು ಇತ್ತು. ಗ್ಲಾಸಿನ್ಯಾಗ ಸ್ವಲ್ಪ ಹೊತ್ತಿಗೇ ಕಂದ ಆತು. ಅದನ್ನ ಕಾಯಿಸಿದ್ರ ಇನ್ನೂ ಕರಿ ಆಗಬೇಕಲ್ಲ? ಇದು ಹ್ಯಾಂಗ ಹಳದಿ ಆತು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅಂಗಡಿಯವರು ನಕ್ಕು, "ಎ-ಒನ್ ಮಾಲು ಅದ ಬೇಟಾ, ಅದಕ್ಕ ಹಳದಿ" ಎಂದರು. ಹುಡುಗಿಗೆ ಆ ಉತ್ತರ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ. ಒಂದು ಕಿಲೋ ಹಳದಿ ಬೆಲ್ಲ ಕಟ್ಟಿಸಿಕೊಂಡೆ. ಪಕ್ಕದಲ್ಲೇ 'ದೇಸಿ ಬೆಲ್ಲ' ಎಂದು ಹಲಗೆ ಹಾಕಿದ್ದ ಕಪ್ಪು ಬೆಲ್ಲವನ್ನೂ ಅರ್ಧ ಕಿಲೋ ತೆಗೆದುಕೊಂಡೆ. ಅದರ ಬೆಲೆ ಹಳದಿಗಿಂತ ಹೆಚ್ಚಿತ್ತು. ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸು ಹತ್ತಿದೆವು. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ನನಗೆ ಪರಿಚಯದ ರೈತರೊಬ್ಬರ ಗಾಣ ಇದೆ. ಹಿಂದೆ ಅವರ ತಂದೆಯ ಬೆಳೆಸಾಲದ ಕಾಗದಪತ್ರ ಬರೆದವನು ನಾನೇ. ಉತ್ತರ ಹುಡುಕುವುದಾದರೆ ಬೆಲ್ಲ ಹುಟ್ಟುವ ಜಾಗದಲ್ಲೇ ಹುಡುಕಬೇಕಲ್ಲವೇ?

ನಾವು ಗಾಣ ಎನ್ನುವುದನ್ನು ಮಂಡ್ಯ ಕಡೆಯ ಮಕ್ಕಳು ಆಲೆಮನೆ ಎನ್ನುತ್ತಾರೆ. ಕೆಲಸ ಒಂದೇ. ಮೂರು ಉರುಳೆಗಳ ಯಂತ್ರಕ್ಕೆ ಕಬ್ಬು ಕೊಡುತ್ತಾರೆ. ರಸ ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಅಗಲವಾದ ಕಬ್ಬಿಣದ ಕೊಪ್ಪರಿಗೆಗೆ ಹೋಗುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ನಾವು ನೋಡಿದ ಕೊಪ್ಪರಿಗೆಯಲ್ಲಿ ಸುಮಾರು 500 ಲೀಟರ್ ರಸ ಇತ್ತು. ಅಷ್ಟರಿಂದ ಕೊನೆಗೆ ಸಿಗುವುದು ಸುಮಾರು 90 ಕಿಲೋ ಬೆಲ್ಲ. ಉಳಿದದ್ದೆಲ್ಲ ಆವಿ.

ರಸ ಕಾಯುತ್ತಿದ್ದಂತೆ ಗಾಣದ ಯಜಮಾನರು ಒಂದಿಷ್ಟು ಸುಣ್ಣದ ತಿಳಿನೀರು ಹಾಕಿದರು. ಹಸಿ ಕಬ್ಬಿನ ರಸ ನಾಲಿಗೆಗೆ ಸಿಹಿ ಅನ್ನಿಸಿದರೂ ಅದರಲ್ಲಿ ಸ್ವಲ್ಪ ಹುಳಿಯ ಅಂಶ ಇರುತ್ತದೆ. ಆ ಹುಳಿ ಹಾಗೇ ಉಳಿದರೆ ಕಾಯಿಸುವಾಗ ಸಕ್ಕರೆಯ ಅಂಶ ಒಡೆಯುತ್ತದೆ. ಅಂಥ ಬೆಲ್ಲ ಗಟ್ಟಿ ನಿಲ್ಲದೆ ಮಳೆಗಾಲದಲ್ಲಿ ನೀರೊಡೆಯುತ್ತದೆ. ಸುಣ್ಣ ಆ ಹುಳಿಯನ್ನು ಮುರಿಯುತ್ತದೆ. ಕೆಲವರು ಇದೇ ಕೆಲಸಕ್ಕೆ ಸೋಡಾ ಬಳಸುತ್ತಾರೆ. ಇದಿಷ್ಟು ಹಿಂದಿನಿಂದ ಬಂದ ಪದ್ಧತಿ, ಅಳತೆ ಮೀರದಿದ್ದರೆ ಇದರಲ್ಲಿ ಮೋಸವೇನೂ ಇಲ್ಲ.

ಆಮೇಲೆ ಬಂದದ್ದು ಬೆಂಡೆ. ಬೆಂಡೆಗಿಡದ ಹಸಿ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿದರೆ ಅಂಟಂಟಾದ ಲೋಳೆ ಬಿಡುತ್ತದೆ. ಅದನ್ನು ಬಿಸಿ ರಸಕ್ಕೆ ಸುರಿದರೆ ರಸದಲ್ಲಿನ ಮಣ್ಣು, ಮೇಣ, ಸಣ್ಣ ನಾರು ಎಲ್ಲ ಆ ಲೋಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ತೇಲುತ್ತದೆ. ಅದನ್ನು ದೊಡ್ಡ ಜರಡಿಸೌಟಿನಿಂದ ಎತ್ತಿ ಎತ್ತಿ ಹಾಕಬೇಕು. ಆಳು ಮಗ ಬಹಳ ಹೊತ್ತು ಅದೊಂದೇ ಕೆಲಸ ಮಾಡಿದ. ಆ ಕಪ್ಪು ನೊರೆಯನ್ನು ನೋಡಿ ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನೆನಪಿಡಿ ಮಕ್ಕಳೇ, ಬೆಲ್ಲ ಶುದ್ಧವಾಗುವುದು ಇಲ್ಲಿಯೇ. ನೊರೆ ಸರಿಯಾಗಿ ತೆಗೆಯದಿದ್ದರೆ ಆ ಕೊಳೆಯೆಲ್ಲ ಬೆಲ್ಲದಲ್ಲೇ ಉಳಿಯುತ್ತದೆ.

ರಸ ಗಟ್ಟಿಯಾಗುತ್ತ ಬಂದಂತೆ ಬಣ್ಣ ಕಂದಾಗತೊಡಗಿತು. ಮೊಮ್ಮಗಳ ಲೆಕ್ಕ ಸರಿಯಾಗಿಯೇ ಇತ್ತು. ಸಕ್ಕರೆಯ ಅಂಶ ಬಿಸಿಗೆ ಕಂದಾಗುತ್ತದೆ. ಕಬ್ಬಿನಲ್ಲಿರುವ ಒಗರಿನ ಅಂಶ ಗಾಳಿಗೆ, ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುತ್ತದಲ್ಲ, ಸುಮಾರು ಹಾಗೆಯೇ. ಇದನ್ನೆಲ್ಲ ಯಾರೂ ಹೊರಗಿನಿಂದ ಬೆರೆಸಿದ್ದಲ್ಲ.

ಆಗ ಯಜಮಾನರು ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಬಿಳಿ ಪುಡಿ. ಒಂದು ಹಿಡಿ ತೆಗೆದು ಕೊಪ್ಪರಿಗೆಗೆ ಹಾಕಿದರು. ಗಂಧಕದ ವಾಸನೆ, ಬೆಂಕಿಕಡ್ಡಿ ಗೀರಿದಾಗ ಬರುವಂಥದ್ದು, ಒಂದು ಕ್ಷಣ ಮೂಗಿಗೆ ಹೊಡೆಯಿತು. ನಾವು ನೋಡುತ್ತಿದ್ದಂತೆಯೇ ಕಂದು ಪಾಕ ಹಳದಿಗೆ ತಿರುಗಿತು.

"ಇದ ನೋಡ್ರಿ ಸರ್, ನೀವು ಬಜಾರನ್ಯಾಗ ಕೇಳೋ ಹಳದಿ" ಎಂದರು ಅವರು.

ಆ ಪುಡಿಗೆ ಗಾಣದವರೆಲ್ಲ 'ಹೈಡ್ರೋಸ್' ಎನ್ನುತ್ತಾರೆ. ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಇದರ ದೊಡ್ಡ ಬಳಕೆ ಇರುವುದು ಬಟ್ಟೆಗೆ ಬಣ್ಣ ಹಾಕುವ ಕಡೆ. ನೀಲಿ ಬಣ್ಣದವರು ನೀಲಿಯನ್ನು ನೀರಿನಲ್ಲಿ ಕರಗಿಸಲು ಈ ಪುಡಿ ಹಾಕುತ್ತಾರೆ. ಆಗ ನೀಲಿ ಮಾಯವಾಗಿ ದ್ರಾವಣ ಹಳದಿ-ಹಸಿರಾಗುತ್ತದೆ. ಬಟ್ಟೆಯನ್ನು ಅದರಲ್ಲಿ ಅದ್ದಿ ಗಾಳಿಗೆ ಹಿಡಿದರೆ ನೀಲಿ ಮತ್ತೆ ಮೂಡುತ್ತದೆ. ಅಂದರೆ ಈ ಪುಡಿ ಬಣ್ಣವನ್ನು ತೊಳೆದು ಹೊರಗೆ ಹಾಕುವುದಿಲ್ಲ, ಸ್ವಲ್ಪ ಕಾಲ ಮುಚ್ಚಿಡುತ್ತದೆ ಅಷ್ಟೆ. ಬೆಲ್ಲದಲ್ಲೂ ಅದೇ ಕಥೆ. ಕಂದು ಬಣ್ಣ ಕೊಡುವ ಅಂಶ ಬೆಲ್ಲದೊಳಗೇ ಇರುತ್ತದೆ. ವಾರಗಳು ಕಳೆದಂತೆ ಗಾಳಿ ತಾಗಿ ಅದು ಮತ್ತೆ ಮೇಲೆ ಬರುತ್ತದೆ. ಬೆಂಡೆಯ ಲೋಳೆ ಕೊಳೆಯನ್ನು ಎತ್ತಿ ಹೊರಗೆ ಹಾಕುತ್ತದೆ, ಹೈಡ್ರೋಸ್ ಕೊಳೆಗೆ ಮುಸುಕು ಹಾಕುತ್ತದೆ. ಈ ವ್ಯತ್ಯಾಸವೊಂದು ತಲೆಯಲ್ಲಿ ಉಳಿದರೆ ಉಳಿದದ್ದೆಲ್ಲ ಸುಲಭ.

ಹಾಗಾದರೆ ಅಪಾಯ ಏನು? ಹೈಡ್ರೋಸ್ ಹಾಕಿದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಅಂಶ ಉಳಿಯುತ್ತದೆ. ನಮ್ಮ ದೇಶದ ಆಹಾರ ನಿಯಮದಂತೆ ಒಂದು ಕಿಲೋ ಬೆಲ್ಲದಲ್ಲಿ ಅದು 70 ಮಿಲಿಗ್ರಾಂ ಮೀರಬಾರದು. ಮಕ್ಕಳೇ, ಲೆಕ್ಕ ಹಾಕಿ. ಕಿಲೋಗೆ 70 ಮಿಲಿಗ್ರಾಂ ಎಂದರೆ ಒಂದು ಟನ್ ಬೆಲ್ಲಕ್ಕೆ 70 ಗ್ರಾಂ. ಇಷ್ಟು ಸಣ್ಣ ಅಳತೆಯ ವಿಷಯವನ್ನು ಗಾಣದಲ್ಲಿ ಕೈಹಿಡಿಯ ಅಂದಾಜಿನಲ್ಲಿ ಮಾಡುತ್ತಾರೆ ಎಂಬುದೇ ತೊಂದರೆ. ಒಬ್ಬರ ಹಿಡಿ ಸಣ್ಣದು, ಇನ್ನೊಬ್ಬರದು ದೊಡ್ಡದು. ಕಬ್ಬು ಕಳಪೆಯಾಗಿದ್ದ ದಿನ ಎರಡು ಹಿಡಿ ಬೀಳುತ್ತದೆ. ಹೆಚ್ಚಿನ ಜನಕ್ಕೆ ಸ್ವಲ್ಪ ಪ್ರಮಾಣದಿಂದ ಏನೂ ತಿಳಿಯದಿರಬಹುದು. ಆದರೆ ದಮ್ಮಿನ ಕಾಯಿಲೆ ಇರುವ ಕೆಲವರಿಗೆ ಈ ಅಂಶ ಒಗ್ಗುವುದಿಲ್ಲ, ಉಸಿರಾಟ ಬಿಗಿಯುತ್ತದೆ. ನನ್ನ ಮೊಮ್ಮಗಳಿಗೂ ಚಳಿಗಾಲದಲ್ಲಿ ದಮ್ಮು ಕಾಡುತ್ತದೆ. ಅದು ಬೆಲ್ಲದಿಂದ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಅಂಥ ಮಗು ಇರುವ ಮನೆಯಲ್ಲಿ ಮುತ್ಯಾ ಕಣ್ಣುಮುಚ್ಚಿ ಹಳದಿ ಪೆಂಟೆ ತರುವುದು ಸರಿಯಲ್ಲ ಎಂದು ಅಂದು ನನಗೆ ಅನ್ನಿಸಿತು.

"ಹಾಕಲಾರದೆ ಮಾಡಾಕ ಬರಂಗಿಲ್ಲೇನು?" ಎಂದು ಯಜಮಾನರನ್ನು ಕೇಳಿದೆ.

ಅವರಿಗೆ ಸಿಟ್ಟೇನೂ ಬರಲಿಲ್ಲ. "ಬರ್ತದ್ರಿ ಸರ್, ಯಾಕ ಬರಂಗಿಲ್ಲ? ನಮ್ಮಪ್ಪ ಹಾಂಗೇ ಮಾಡ್ತಿದ್ದ. ಹೋದ ವರ್ಷ ನಾನೂ ಎರಡು ಕೊಪ್ಪರಗಿ ಮಾಡಿ ಬಜಾರಕ್ಕ ಒಯ್ದೆ. ಬಣ್ಣ ನೋಡಿ ಕಿಲೋಕ್ಕ ಆರು ರೂಪಾಯಿ ಕಡಿಮಿ ಕೇಳಿದ್ರು. ನಂದು ಚಲೋ ಮಾಲು ಅಂತ ಹೇಳಿದ್ರ, ಗಿರಾಕಿ ಕಣ್ಣಿಗೆ ಚಲೋ ಕಾಣಬೇಕಲ್ಲಪ್ಪ ಅಂದ್ರು. ಆ ಗಿರಾಕಿ ಯಾರ್ರಿ? ನೀವೇ ಅಲ್ಲೇನ್ರಿ?"

ಬಿಕಾಂ ಓದಿದವನಿಗೆ ಲೆಕ್ಕ ಹೇಳಿಕೊಡಬೇಕೇ? ಒಂದು ಕೊಪ್ಪರಿಗೆಯಿಂದ 90 ಕಿಲೋ. ಕಿಲೋಗೆ ಆರು ರೂಪಾಯಿ ಕಡಿಮೆ ಎಂದರೆ ಒಂದು ಕೊಪ್ಪರಿಗೆಗೆ 540 ರೂಪಾಯಿ ನಷ್ಟ. ದಿನಕ್ಕೆ ನಾಲ್ಕು ಕೊಪ್ಪರಿಗೆ ಇಳಿಸಿದರೆ 2,160 ರೂಪಾಯಿ. ಅಷ್ಟು ನಷ್ಟವನ್ನು ಆ ಮನುಷ್ಯ ಸುಮ್ಮನೆ ಯಾಕೆ ಹೊತ್ತಾನು? ಆ ಡಬ್ಬಿಯನ್ನು ಗೂಡಿನಲ್ಲಿ ಇಟ್ಟವರು ಅವರಾದರೂ, ಇಡಿಸಿದವನು ನಲವತ್ತು ವರ್ಷ ಹಳದಿಗೇ ಬೆರಳು ತೋರಿಸಿದ ನನ್ನಂಥ ಗಿರಾಕಿ.

ಹಬ್ಬಕ್ಕೆ ಬೇಕಾದ ಬೆಲ್ಲವನ್ನು ಹೈಡ್ರೋಸ್ ಇಲ್ಲದೆ ಮಾಡಿಕೊಡಲು ಕೇಳಿದೆ. ಕಡಿಮೆ ಕೇಳಿದ ಆ ಆರು ರೂಪಾಯಿಯನ್ನೂ ಸೇರಿಸಿ ಕೊಡುತ್ತೇನೆ ಎಂದೆ. ಮಧ್ಯಾಹ್ನದ ಕೊಪ್ಪರಿಗೆಯನ್ನು ಬರೀ ಸುಣ್ಣ, ಬೆಂಡೆಯಲ್ಲೇ ಮಾಡಿದರು. ಹದ ನೋಡುವುದನ್ನು ಮೊಮ್ಮಗಳಿಗೂ ತೋರಿಸಿದರು. ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಡಬೇಕು. ಕರಗಿ ಹರಡಿದರೆ ಇನ್ನೂ ಹದ ಬಂದಿಲ್ಲ. ಬೆರಳಿಗೆ ಉಂಡೆಯಾಗಿ ಸಿಕ್ಕರೆ ಇಳಿಸಬೇಕು. ಶಾಖಮಾಪಕ ಇಟ್ಟರೆ ಅದು ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಇನ್ನೂ ಮೇಲೆ ಹೋಗಲು ಬಿಟ್ಟರೆ ಸೀದು ಕಹಿಯಾಗುತ್ತದೆ, ಬಣ್ಣವೂ ಕರ್ರಗಾಗುತ್ತದೆ. ಇಳಿಸಿ, ಕಟ್ಟಿಗೆಯ ಹಲಗೆಯಿಂದ ತಿರುವಿ ಆರಿಸಿ, ಅಚ್ಚಿಗೆ ಹಾಕಿದರು. ಆ ಬೆಲ್ಲ ಹಳದಿಯೂ ಆಗಿರಲಿಲ್ಲ, ಕಪ್ಪೂ ಆಗಿರಲಿಲ್ಲ. ಚೆನ್ನಾಗಿ ಹುರಿದ ಶೇಂಗಾದ ಸಿಪ್ಪೆಯ ಬಣ್ಣ ಬಂದಿತ್ತು.

ಈಗ ನಮ್ಮ ಬಳಿ ಮೂರು ಬೆಲ್ಲ ಇದ್ದವು. ಬಜಾರಿನ ಹಳದಿ, ಬಜಾರಿನ ಕಪ್ಪು 'ದೇಸಿ', ಗಾಣದ ಕಂದು. ಮನೆಗೆ ಬಂದು ಊಟದ ಮೇಜಿನ ಮೇಲೆ ಮೂರನ್ನೂ ಇಟ್ಟು ಪರೀಕ್ಷೆ ಶುರು ಮಾಡಿದೆವು. ಇದನ್ನು ನೀವೂ ನಿಮ್ಮ ಅಜ್ಜ-ಅಜ್ಜಿಯರ ಜೊತೆ ಮಾಡಬಹುದು.

ಮೊದಲನೆಯದು ನೀರಿನ ಪರೀಕ್ಷೆ. ಮೂರು ಗಾಜಿನ ಲೋಟದಲ್ಲಿ ಒಂದೇ ಅಳತೆಯ ಉಗುರುಬೆಚ್ಚಗಿನ ನೀರು ತೆಗೆದುಕೊಂಡೆವು. ಒಂದೊಂದಕ್ಕೆ ಎರಡೆರಡು ಚಮಚ ಬೆಲ್ಲದ ಪುಡಿ ಹಾಕಿ ಪೂರ್ತಿ ಕರಗುವವರೆಗೆ ಕಲಕಿ, ಅರ್ಧ ಗಂಟೆ ಮುಟ್ಟದೆ ಬಿಟ್ಟೆವು. ಹಳದಿ ಬೆಲ್ಲದ ತಳದಲ್ಲಿ ತೆಳುವಾದ ಬಿಳಿಚು ಪದರ ಕೂತಿತ್ತು. ಗಾಣದ ಬೆಲ್ಲದ ತಳದಲ್ಲಿ ನಾಲ್ಕಾರು ಕಬ್ಬಿನ ನಾರು, ಚೂರು ಮಡ್ಡಿ. ಇನ್ನು ಹೆಚ್ಚು ಬೆಲೆ ಕೊಟ್ಟು ತಂದ ಕಪ್ಪು 'ದೇಸಿ' ಬೆಲ್ಲದ ಲೋಟ ನೋಡಿ ನಾನು ಬೆಪ್ಪಾದೆ. ತಳದಲ್ಲಿ ಬೆರಳಿಗೆ ಗರಗರ ಸಿಗುವಷ್ಟು ಮರಳು! ಮೇಲೆ ಸಿಪ್ಪೆಯ ಚೂರು, ಒಂದು ಸತ್ತ ಇರುವೆ.

"ಮುತ್ಯಾ, ಕರಿದು ಚಲೋ ಅಂದಿದ್ದಿ" ಎಂದಳು ಹುಡುಗಿ.

ನನ್ನ ಎರಡನೆಯ ತಪ್ಪು ಅಲ್ಲಿ ಸಿಕ್ಕಿಬಿತ್ತು. ಹಳದಿ ಎಂದರೆ ಮೋಸ, ಕಪ್ಪು ಎಂದರೆ ಶುದ್ಧ ಎಂದು ಒಂದೇ ದಿನದಲ್ಲಿ ಮನಸ್ಸು ತಿರುಗಿಸಿಕೊಂಡಿದ್ದೆ. ಕಪ್ಪಾಗಲು ಕಾರಣ ಹಲವು. ನೊರೆ ಸರಿಯಾಗಿ ತೆಗೆಯದಿದ್ದರೂ ಕಪ್ಪು, ಸೀದರೂ ಕಪ್ಪು, ಹೋದ ವರ್ಷದ ಹಳೆಯ ಮಾಲಾದರೂ ಕಪ್ಪು. ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಕಪ್ಪಾಗಿ 'ದೇಸಿ' ಹಲಗೆಯ ಕೆಳಗೆ ಬಂದರೆ ಅದನ್ನು ತಡೆಯುವವರು ಯಾರು? ಇನ್ನೊಂದು ಕಡೆ, ಒಳ್ಳೆಯ ತಳಿಯ, ಚೆನ್ನಾಗಿ ಮಾಗಿದ ಕಬ್ಬಾಗಿದ್ದು, ನೊರೆ ತಾಳ್ಮೆಯಿಂದ ತೆಗೆದರೆ ಏನೂ ಹಾಕದೆಯೂ ಬೆಲ್ಲ ತಿಳಿಯಾದ ಹೊನ್ನಿನ ಬಣ್ಣಕ್ಕೆ ಬರುತ್ತದೆ. ಸವಳು ಭೂಮಿಯ ಕಬ್ಬಾದರೆ ಬಣ್ಣವೂ ಮಂಕು, ರುಚಿಯೂ ಉಪ್ಪುಪ್ಪು. ಹೀಗೆ ಬಣ್ಣ ಎರಡೂ ಕಡೆ ಸುಳ್ಳು ಹೇಳಬಲ್ಲದು.

ಎರಡನೆಯದು ನಿಂಬೆಹಣ್ಣಿನ ಪರೀಕ್ಷೆ. ತಟ್ಟೆಯಲ್ಲಿ ಚಿಟಿಕೆ ಚಿಟಿಕೆ ಬೆಲ್ಲದ ಪುಡಿ ಇಟ್ಟು ಮೇಲೆ ನಿಂಬೆರಸ ಹಿಂಡಿದೆವು. ಸೋಡಾ ಅಥವಾ ಸೀಮೆಸುಣ್ಣದ ಪುಡಿ ಹೆಚ್ಚು ಬೆರೆತಿದ್ದರೆ ಬುರುಬುರು ಗುಳ್ಳೆ ಏಳುತ್ತದೆ. ಹಳದಿ ಬೆಲ್ಲದಲ್ಲಿ ಸಣ್ಣ ಗುಳ್ಳೆಗಳು ಒಂದೇ ಸಮನೆ ಎದ್ದವು, ಉಳಿದೆರಡು ಸುಮ್ಮನಿದ್ದವು. ಲೋಟದ ತಳದ ಬಿಳಿಚು ಪದರದ ಗುಟ್ಟು ಇದೇ ಇರಬೇಕು. ಆದರೆ ಗುಳ್ಳೆ ಬರಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಸ್ವಲ್ಪವೇ ಸೋಡಾ ಇದ್ದರೆ ನಿಂಬೆಗೆ ತಿಳಿಯುವುದಿಲ್ಲ. ಗಂಧಕದ ಅಂಶವಂತೂ ನಿಂಬೆಗೂ ಸಿಗದು, ನೀರಿಗೂ ಸಿಗದು. ಅದನ್ನು ಅಳೆಯಲು ಪ್ರಯೋಗಾಲಯವೇ ಬೇಕು. ಸಂಶಯ ಬಲವಾಗಿದ್ದರೆ ಗಿರಾಕಿಯೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆ ಆ ಹಕ್ಕು ಕೊಟ್ಟಿದೆ. ಹಳೆಯ ಸಕ್ಕರೆಯನ್ನು ಕರಗಿಸಿ ಬೆಲ್ಲಕ್ಕೆ ಬೆರೆಸಿದ್ದರೂ ಮನೆಯಲ್ಲಿ ಪತ್ತೆ ಮಾಡುವುದು ಕಷ್ಟ.

ಅಜ್ಜಿಯರು ಮಾಡುವ ಇನ್ನೊಂದು ಪರೀಕ್ಷೆ ಇದೆ. ಪಾಯಸದ ಹಾಲು ಒಡೆದರೆ "ಬೆಲ್ಲಕ್ಕೆ ಔಷಧ ಹಾಕ್ಯಾರ" ಎನ್ನುತ್ತಾರೆ. ನಮ್ಮ ಮನೆಯವರೂ ಹಾಗೆಯೇ ಹೇಳುತ್ತಿದ್ದರು. ಹಾಲು ಒಡೆಯಲು ಮುಖ್ಯ ಕಾರಣ ಬೆಲ್ಲದಲ್ಲೇ ಇರುವ ಹುಳಿ ಮತ್ತು ಲವಣ. ಒಳ್ಳೆಯ ಬೆಲ್ಲವೂ ಕುದಿಯುವ ಹಾಲನ್ನು ಒಡೆಯಬಹುದು, ಸೋಡಾ ಹೆಚ್ಚು ಹಾಕಿದ ಬೆಲ್ಲ ಒಡೆಯದೆಯೂ ಇರಬಹುದು. ಆದ್ದರಿಂದ ಹಾಲಿನ ಸಾಕ್ಷಿ ನಂಬುವಂತಿಲ್ಲ. ಒಲೆ ಆರಿಸಿ, ಹಾಲು ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಿದರೆ ಆಯಿತು.

ಮೂರನೆಯ ಪರೀಕ್ಷೆಗೆ ತಾಳ್ಮೆ ಬೇಕು. ಮೂರರಿಂದಲೂ ಒಂದೊಂದು ತುಂಡು ಒಡೆದು, ಚೀಟಿಯ ಮೇಲೆ ತಾರೀಖು ಬರೆದು, ಅಟ್ಟದ ಮೇಲೆ ತಟ್ಟೆಯಲ್ಲಿಟ್ಟು ತೆಳು ಬಟ್ಟೆ ಮುಚ್ಚಿದೆವು. ಆರು ವಾರ ಕಳೆದ ಮೇಲೆ ಮೊಮ್ಮಗಳೇ ನೆನಪಿಸಿ ಇಳಿಸಿದಳು. ಗಾಣದ ಕಂದು ಬೆಲ್ಲ ಒಂದಿಷ್ಟು ಮಾತ್ರ ಗಾಢವಾಗಿತ್ತು. ಕಪ್ಪು ಕಪ್ಪಾಗಿಯೇ ಇತ್ತು. ಹಳದಿ ಬೆಲ್ಲದ ಹೊರಮೈ ಮಾತ್ರ ಎಷ್ಟು ಮಂಕಾಗಿತ್ತೆಂದರೆ, ಚೀಟಿ ಇರದಿದ್ದರೆ ಅದೇ ತುಂಡು ಎಂದು ಹೇಳಲಾಗುತ್ತಿರಲಿಲ್ಲ. ಅದನ್ನು ಮುರಿದಾಗ ನಡುವೆ ಇನ್ನೂ ಹಳದಿ ಉಳಿದಿತ್ತು. ಗಾಳಿ ತಾಗಿದ ಕಡೆ ಮುಸುಕು ಜಾರಿತ್ತು, ತಾಗದ ಕಡೆ ಇನ್ನೂ ಇತ್ತು. ಇದಕ್ಕಿಂತ ಚೆನ್ನಾಗಿ ಪಾಠ ಹೇಳುವ ಶಾಲೆ ಯಾವುದು?

ಈ ನಡುವೆ ಮನೆಯಲ್ಲಿ ಇನ್ನೊಂದು ವಾದ ಹುಟ್ಟಿತು. ಇಷ್ಟೆಲ್ಲ ತಾಪತ್ರಯ ಯಾಕೆ, ಸಕ್ಕರೆಯನ್ನೇ ಬಳಸಿದರಾಯಿತು ಎಂದ ನನ್ನ ಮಗ. ನಮ್ಮ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದಲ್ಲೇ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದರಿಂದ ಸಕ್ಕರೆಯೂ ನಮಗೆ ಹೊರಗಿನದಲ್ಲ. ಆದರೆ ಸಕ್ಕರೆ ಬೆಳ್ಳಗಾಗುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳಲ್ಲಿ ಗಂಧಕವನ್ನು ಸುಟ್ಟು, ಆ ಅನಿಲವನ್ನು ಕಬ್ಬಿನ ರಸದಲ್ಲಿ ಹಾಯಿಸಿಯೇ ಬಣ್ಣ ತೆಗೆಯುತ್ತಾರೆ. ಆದರೆ ಅಲ್ಲಿ ಅಳೆಯಲು ಯಂತ್ರ ಇದೆ, ಪರೀಕ್ಷಿಸಲು ಪ್ರಯೋಗಾಲಯ ಇದೆ. ಆಮೇಲೆ ಹರಳು ಕಟ್ಟಿಸಿ, ಕಾಕಂಬಿಯನ್ನು ಬೇರೆ ಮಾಡಿ, ಹರಳನ್ನು ತೊಳೆಯುತ್ತಾರೆ. ಗಂಧಕ ಬೇಡ ಎನ್ನುವವರಿಗೆ 'ಗಂಧಕರಹಿತ' ಎಂದು ಬರೆದ ಶುದ್ಧೀಕರಿಸಿದ ಸಕ್ಕರೆಯೂ ಸಿಗುತ್ತದೆ.

'ಬ್ರೌನ್ ಶುಗರ್' ಎಂಬ ಕಂದು ಸಕ್ಕರೆಯನ್ನು ಬೆಲ್ಲದ ತಮ್ಮ ಎಂದುಕೊಳ್ಳಬೇಡಿ. ಬಹಳಷ್ಟು ಸಲ ಅದು ಕಾಕಂಬಿಯನ್ನು ಮತ್ತೆ ಲೇಪಿಸಿದ ಬಿಳಿ ಸಕ್ಕರೆಯೇ. ಕಲ್ಲುಸಕ್ಕರೆ ಎಂದರೆ ನಿಧಾನವಾಗಿ ದೊಡ್ಡ ಹರಳು ಕಟ್ಟಿಸಿದ ಸಕ್ಕರೆ. ತಾಟಿಬೆಲ್ಲ ತಾಳೆಮರದ ನೀರಾದಿಂದ ಆಗುವುದು, ಅದರ ಬಣ್ಣ ಸಹಜವಾಗಿಯೇ ಗಾಢ. ಅದಕ್ಕೆ ಕಬ್ಬಿನ ಬೆಲ್ಲ ಬೆರೆಸಿದರೆ ಕಣ್ಣಿಗೆ ಗೊತ್ತಾಗದು. ಬೆಲ್ಲದ ಪುಡಿ ಬಳಸಲು ಅನುಕೂಲ, ಆದರೆ ಪೆಂಟೆಯಂತೆ ಅದನ್ನು ಮುರಿದು ಒಳಗು ನೋಡಲಾಗದು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ನನಗೂ ಸಕ್ಕರೆ ಕಾಯಿಲೆ ಇದೆ. "ಸಕ್ಕರೆ ಬ್ಯಾಡ, ಬೆಲ್ಲದ ಚಾ ನಡೀತದ" ಎಂದು ಬಹಳ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ನೂರು ಗ್ರಾಂ ಬೆಲ್ಲದಲ್ಲಿ ಎಂಬತ್ತೈದು ಗ್ರಾಂ ಆಸುಪಾಸು ಇರುವುದು ಸಕ್ಕರೆಯ ಅಂಶವೇ. ರಕ್ತದಲ್ಲಿ ಇಳಿದ ಮೇಲೆ ಅದು ಯಾವ ಬಣ್ಣದ ಪೆಂಟೆಯಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನನ್ನ ಡಾಕ್ಟರರು ಇದನ್ನು ಹೇಳಿದ ದಿನದಿಂದ ಬೆಲ್ಲದ ಚಹಾವೂ ನಿಂತಿದೆ. ಹಬ್ಬದ ದಿನ ಅರ್ಧ ಹೋಳಿಗೆ ಮಾತ್ರ.

ಹಾಗಾದರೆ ಅಂಗಡಿಯಲ್ಲಿ ನಿಂತಾಗ ಏನು ಮಾಡಬೇಕು? ನಾನು ಈಗ ಮಾಡುವುದನ್ನು ಹೇಳುತ್ತೇನೆ. ದೊಡ್ಡ ಪೆಂಟೆಯಾದರೆ ಹೊರಮೈ ನೋಡಿ ಸುಮ್ಮನಾಗದೆ ಒಡೆಸಿ ಒಳಗಿನ ಬಣ್ಣ ನೋಡುತ್ತೇನೆ. ಹೊರಗೆ ಮಂಕು ಕಂದು, ಒಳಗೆ ಎದ್ದು ಕಾಣುವ ಹಳದಿ ಇದ್ದರೆ ನಮ್ಮ ಅಟ್ಟದ ತುಂಡು ನೆನಪಾಗುತ್ತದೆ. ಆಮೇಲೆ ಒಂದು ಚೂರು ನಾಲಿಗೆಯ ಮೇಲಿಟ್ಟು ಕರಗಲು ಬಿಡುತ್ತೇನೆ. ಕಹಿ ಬಂದರೆ ಸೀದಿದೆ. ಉಪ್ಪುಪ್ಪು ಬಂದರೆ ಹಳೆಯದು, ಇಲ್ಲವೇ ಸವಳು ನೆಲದ್ದು. ಹಲ್ಲಿಗೆ ಮರಳು ಸಿಕ್ಕರೆ ಅಲ್ಲಿಗೇ ಮುಗಿಯಿತು. ಬೆರಳಿಗೆ ಜಿಗುಟು ಹತ್ತಿ ನೀರೊಡೆದಿದ್ದರೆ ಅದು ಮನೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಕೊನೆಗೆ, ಯಾವ ತಿಂಗಳ ಮಾಲು ಎಂದು ಕೇಳುತ್ತೇನೆ. ಗಾಣ ನಡೆಯುವ ಚಳಿಗಾಲದಲ್ಲಿ ಹೊಸ ಬೆಲ್ಲ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡುವುದು ಒಳ್ಳೆಯದು.

ಪ್ಯಾಕೆಟ್ ಬೆಲ್ಲವಾದರೆ ಓದುವ ಕೆಲಸ ಮಕ್ಕಳದು, ನಮ್ಮ ಕಣ್ಣಿಗೆ ಆ ಅಕ್ಷರ ಸಣ್ಣದು. 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದೆಯೇ, ತಯಾರಾದ ದಿನ ಯಾವುದು ಎಂದು ನೋಡಿ. ಆಮೇಲೆ 'ಸಲ್ಫೈಟ್' ಎಂಬ ಪದ ಹುಡುಕಿ. ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಪ್ಯಾಕೆಟ್ಟಿನ ಮೇಲೆ ಬರೆಯಬೇಕು ಎಂಬ ನಿಯಮವಿದೆ. ದಮ್ಮು ಇರುವವರ ಮನೆಯಲ್ಲಿ ಈ ಒಂದು ಪದ ಓದುವುದು ಮುಖ್ಯ. 'ದೇಸಿ', 'ಶುದ್ಧ', 'ಅಜ್ಜಿಯ ಬೆಲ್ಲ' ಎಂಬ ದಪ್ಪ ಅಕ್ಷರಗಳನ್ನು ಓದದಿದ್ದರೂ ನಡೆಯುತ್ತದೆ.

ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಬೀಗರೊಬ್ಬರು ಹೋಳಿಗೆ ಮುರಿದು, "ಈ ಸಲ ಹೂರಣ ಯಾಕೋ ಕರ್ರಗ ಅದಲ್ಲ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಕೊಪ್ಪರಿಗೆ, ಬೆಂಡೆಗಿಡ, ಬಿಳಿ ಪುಡಿ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಕೇಳಿಸಿಕೊಳ್ಳುತ್ತ ಮೂರು ಹೋಳಿಗೆ ತಿಂದರು.

ಮೊನ್ನೆ ಗಾಣದ ಯಜಮಾನರಿಂದ ಫೋನು ಬಂದಿತ್ತು. ನಮ್ಮ ಓಣಿಯ ಐದು ಮನೆಯವರು, ಆ ಬೀಗರೂ ಸೇರಿ, ಈ ಹಬ್ಬಕ್ಕೆ ಕಂದು ಬೆಲ್ಲ ಬೇಕೆಂದು ಹೇಳಿದ್ದಾರಂತೆ. ಎಲ್ಲ ಕೂಡಿಸಿದರೆ ಒಂದು ಕೊಪ್ಪರಿಗೆಗೆ ಇನ್ನೂ ಇಪ್ಪತ್ತು ಕಿಲೋ ಕಡಿಮೆ ಬೀಳುತ್ತದೆಯಂತೆ. "ಇನ್ನೊಂದು ಎರಡು ಮನಿ ಕೂಡಸ್ರಿ ಸರ್, ಆ ಕೊಪ್ಪರಗಿಗೆ ನಾ ಡಬ್ಬಿ ಮುಟ್ಟಂಗಿಲ್ಲ" ಎಂದರು. ಮೊಮ್ಮಗಳು ನೋಟುಬುಕ್ಕು ಹಿಡಿದು ಪಕ್ಕದ ಓಣಿಗೆ ಹೊರಟಿದ್ದಾಳೆ.